ಹಿಂದಿನ ಸಭೆಯ ನಿರ್ಣಯಗಳು ಏನಾದುವು?

ಸಂಘವೊಂದರ ಕಾರ್ಯಕಾರೀ ಸಮಿತಿಯ ಸಭೆಗೆ ಕಳುಹಿಸಲಾಗುವ ತಿಳಿವಳಿಕೆ ಪತ್ರವನ್ನು ನೋಡಿದರೆ, ಕಾರ್ಯಸೂಚಿಯ ಮೊದಲಲ್ಲಿ ಎರಡು ವಿಷಯಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಒಂದನೆಯದು, ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು. ಎರಡನೆಯದು, ಆ ನಡವಳಿಯಿಂದ ಉದ್ಭವಿಸುವ ವಿಷಯಗಳು. ಮೂರನೆಯದರಿಂದ ಹೊಸ ವಿಷಯಗಳು ಮೊದಲಾಗುತ್ತವೆ. ಅನೇಕ ಸಭೆಗಳಲ್ಲಿ ಮೊದಲಿನ ಎರಡನ್ನು ಎರಡು ನಿಮಿಷಗಳಲ್ಲಿ ಮುಗಿಸಿ, ಎಲ್ಲರೂ ಮೂರನೆಯದಕ್ಕೆ ಧಾವಿಸುವುದು ವಾಡಿಕೆ. ಆದರೆ ಕಳೆದ ಸಭೆಯಲ್ಲಿ ಆಡಿದ ಮಾತು ಕೃತಿಗೆ ಇಳಿಯಿತೇ ಇಲ್ಲವೇ ಎಂಬುದು ತಿಳಿಯುವ ಸ್ಥಳವು ಆ ಎರಡನೆಯ ವಿಷಯವೇ ಆಗಿದೆ. ಅಲ್ಲಿ ಪ್ರಗತಿಯನ್ನೂ ವಿಳಂಬವನ್ನೂ ಹೇಗೆ ವರದಿ ಮಾಡಬೇಕು, ಹೇಗೆ ಮಾಡಿದರೆ ವಿಷಯವು ಮರೆಯಾಗಿ ಹೋಗುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗುವುದು. ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳು ಸಮಿತಿಗಳಲ್ಲಿ ಕುಳಿತುಕೊಳ್ಳುವವರು; ವಿದ್ಯಾರ್ಥಿಗಳೂ ತಮ್ಮ ಸಾಹಿತ್ಯ ಸಂಘದಲ್ಲಿ ವರದಿ ಓದತಕ್ಕವರು. ಆದುದರಿಂದ ಇದು ಇಬ್ಬರಿಗೂ ಸಂಬಂಧಪಟ್ಟ ಮಾತಾಗಿದೆ.

ಮೊದಲು ಆ ಎರಡು ವಿಷಯಗಳ ಭೇದವನ್ನು ತಿಳಿದುಕೊಳ್ಳೋಣ. ನಡವಳಿಯನ್ನು ದೃಢೀಕರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಕಳೆದ ಸಭೆಯಲ್ಲಿ ನಡೆದುದನ್ನು ಬರೆದಿರುವುದು ಸರಿಯಾಗಿದೆಯೇ? ನಿರ್ಣಯವು ಒಳ್ಳೆಯದೋ ಕೆಟ್ಟದೋ, ಅದು ನೆರವೇರಿತೋ ಇಲ್ಲವೋ ಎಂಬ ಚರ್ಚೆಗೆ ಆಗ ಎಡೆಯಿಲ್ಲ. ಹದಿನೆಂಟು ಸಾವಿರ ಎಂಬಲ್ಲಿ ಹದಿನೈದು ಸಾವಿರ ಎಂದು ತಪ್ಪಾಗಿ ಬರೆದಿದ್ದರೆ ತಿದ್ದಿಸಬೇಕು. ಬಳಿಕ ಅಧ್ಯಕ್ಷರು ರುಜು ಹಾಕುತ್ತಾರೆ. ಉದ್ಭವಿಸುವ ವಿಷಯಗಳಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಹೀಗೆ ಮಾಡುವೆವೆಂದು ನಿಶ್ಚಯಿಸಿದ್ದೆವಲ್ಲ, ಅದು ಎಲ್ಲಿಯವರೆಗೆ ಬಂದಿತು? ಈ ಎರಡು ಪ್ರಶ್ನೆಗಳು ಬೆರೆತುಹೋದರೆ, ನಡವಳಿಗೆ ರುಜು ಬೀಳುವ ಮೊದಲೇ ವಾದವು ಆರಂಭವಾಗಿ ಎರಡೂ ಕೆಡುತ್ತವೆ.

ಈಗ ಗಡಿನಾಡಿನ ಕನ್ನಡ ಶಾಲೆಯೊಂದನ್ನು ಊಹಿಸಿಕೊಳ್ಳೋಣ. ಕಾಸರಗೋಡಿನ ಕಡೆಯ ಒಂದು ಗ್ರಾಮ. ಹಂಚಿನ ಮಾಡಿನ ಕಟ್ಟಡ, ಅಂಗಳದಲ್ಲಿ ಒಂದು ಬಾವಿ, ಹಿಂಬದಿಯಲ್ಲಿ ಆಟದ ಬಯಲು. ಶಾಲೆಯ ಹಿತಚಿಂತನೆಗಾಗಿ ಇರುವ ಸಂಘದ ಸಮಿತಿಯು ಮೂರು ತಿಂಗಳಿಗೊಮ್ಮೆ ಸೇರುತ್ತದೆ. ಜೂನ್ 14ರ ಸಭೆಯಲ್ಲಿ ಅದು ಮೂರು ನಿರ್ಣಯಗಳನ್ನು ಕೈಕೊಂಡಿತೆನ್ನೋಣ. ಐದನೆಯ ತರಗತಿಯ ಕೋಣೆಯ ಮಾಡು ಸೋರುತ್ತಿರುವುದರಿಂದ, ಹದಿನೆಂಟು ಸಾವಿರ ರೂಪಾಯಿಗಳಿಗೆ ಮೀರದಂತೆ ಜುಲೈ 15ರೊಳಗೆ ಅದನ್ನು ದುರಸ್ತಿಗೊಳಿಸಬೇಕು. ಹೊಣೆ ಕಟ್ಟಡ ಉಪಸಮಿತಿಯ ಮುಖ್ಯಸ್ಥರದು. ಬಾವಿಯ ನೀರನ್ನು ಜೂನ್ 30ರೊಳಗೆ ಪರೀಕ್ಷೆ ಮಾಡಿಸಬೇಕು, ಹೊಣೆ ಮುಖ್ಯೋಪಾಧ್ಯಾಯರದು. ಕನ್ನಡ ಬಲ್ಲ ಗಣಿತದ ಅಧ್ಯಾಪಕರ ಸ್ಥಾನವು ತೆರವಾಗಿರುವ ಬಗ್ಗೆ ಜೂನ್ 20ರೊಳಗೆ ವಿದ್ಯಾ ಇಲಾಖೆಯ ಕಛೇರಿಗೆ ಪತ್ರ ಬರೆಯಬೇಕು, ಹೊಣೆ ಕಾರ್ಯದರ್ಶಿಗಳದು.

ಸೆಪ್ಟೆಂಬರ್ 13ರಂದು ಸಮಿತಿಯು ಮತ್ತೆ ಸೇರಿತು. ನಡವಳಿಯಿಂದ ಉದ್ಭವಿಸುವ ವಿಷಯಗಳು ಬಂದಾಗ ಅನೇಕ ಕಡೆಗಳಲ್ಲಿ ನಡೆಯುವಂತೆ ಇಲ್ಲಿಯೂ ನಡೆಯಿತೆಂದು ಭಾವಿಸೋಣ. ಕಾರ್ಯದರ್ಶಿಗಳು ಎದ್ದು, "ಮಾಡಿನ ಕೆಲಸ ಆಗಿದೆ. ನೀರಿನ ಪರೀಕ್ಷೆಯೂ ಆಗಿದೆ. ಅಧ್ಯಾಪಕರ ವಿಷಯದಲ್ಲಿ ಕ್ರಮ ಕೈಕೊಳ್ಳಲಾಗುತ್ತಿದೆ" ಎಂದರು. ಯಾರೂ ಏನನ್ನೂ ಕೇಳಲಿಲ್ಲ. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ಕಾರ್ಯದರ್ಶಿಗಳು ಹೇಳಿದುದರಲ್ಲಿ ಒಂದು ಸುಳ್ಳೂ ಇಲ್ಲ. ಆದರೂ ಸಭೆಗೆ ತಿಳಿಯಬೇಕಾದುದು ಯಾವುದೂ ತಿಳಿಯಲಿಲ್ಲ. ಅದು ಹೇಗೆಂಬುದನ್ನು ಒಂದೊಂದಾಗಿ ನೋಡೋಣ.

ಮಾಡಿನ ಕೆಲಸವನ್ನು ಮೊದಲು ತೆಗೆದುಕೊಳ್ಳೋಣ. ನಡೆದ ಸಂಗತಿ ಇಷ್ಟು: ಜೂನ್ 28ರೊಳಗೆ ಇಬ್ಬರು ಮೇಸ್ತ್ರಿಗಳಿಂದ ಅಂದಾಜು ಪಡೆಯಲಾಯಿತು. ಕಡಿಮೆ ಹೇಳಿದವರಿಗೆ ಕೆಲಸವನ್ನು ಒಪ್ಪಿಸಲಾಯಿತು. ಜುಲೈ 3ರಂದು ಕೆಲಸ ಹಿಡಿದು, ಲಡ್ಡಾದ ಪಕ್ಕಾಸುಗಳನ್ನು ತೆಗೆದು ಹೊಸತನ್ನು ಇಟ್ಟು, ಒಡೆದ ಹಂಚುಗಳನ್ನು ಬದಲಾಯಿಸಿ, ಜುಲೈ 12ರಂದು ಮುಗಿಸಿದರು. ಖರ್ಚು ಹದಿನಾರು ಸಾವಿರದ ಎಂಟುನೂರ ಐವತ್ತು ರೂಪಾಯಿ. ರಶೀದಿಗಳು ಕೋಶಾಧಿಕಾರಿಗಳ ಕೈಸೇರಿವೆ. ಆ ಬಳಿಕ ಆಗಸ್ಟಿನ ಮಳೆಯಲ್ಲಿ ಕೋಣೆ ಸೋರಲಿಲ್ಲವೆಂದು ತರಗತಿಯ ಅಧ್ಯಾಪಕಿಯವರು ತಿಳಿಸಿದ್ದಾರೆ.

"ಆಗಿದೆ" ಎಂಬ ಒಂದು ಮಾತಿಗೂ ಈ ವರದಿಗೂ ಇರುವ ಅಂತರವನ್ನು ಗಮನಿಸಿರಿ. ಈ ವರದಿಯನ್ನು ಕೇಳಿದವರು ಕೆಲಸವು ಗೊತ್ತುಪಡಿಸಿದ ದಿನಕ್ಕೆ ಮೂರು ದಿನ ಮೊದಲೇ ಮುಗಿಯಿತೆಂದೂ, ಮಂಜೂರಾದ ಹಣಕ್ಕಿಂತ ಸಾವಿರದ ನೂರೈವತ್ತು ರೂಪಾಯಿ ಕಡಿಮೆ ತಗಲಿತೆಂದೂ, ಯಾವುದಕ್ಕಾಗಿ ಕೆಲಸ ಮಾಡಿಸಿದರೋ ಆ ಉದ್ದೇಶವು ಈಡೇರಿತೆಂದೂ ತಿಳಿಯುತ್ತಾರೆ. ಇಂತಹ ವಿಷಯವನ್ನು ಮುಗಿಯಿತೆಂದು ನಡವಳಿಯಲ್ಲಿ ಬರೆದು ಪಟ್ಟಿಯಿಂದ ತೆಗೆಯಬಹುದು. ಮುಗಿಯಿತೆಂಬ ಮಾತಿಗೆ ಒಂದು ತಾರೀಕು ಮತ್ತು ಒಂದು ಸಾಕ್ಷ್ಯ ಬೇಕು. ರಶೀದಿ, ಸ್ವೀಕೃತಿ ಪತ್ರ, ಪರೀಕ್ಷೆಯ ವರದಿ, ಇಲ್ಲವೇ ನೋಡಿಬಂದವರ ಮಾತು, ಇವುಗಳಲ್ಲಿ ಯಾವುದಾದರೂ ಸಾಕು. ಸಾಕ್ಷ್ಯವಿಲ್ಲದಿದ್ದರೆ ಅದನ್ನು ಮುಗಿದುದರ ಲೆಕ್ಕಕ್ಕೆ ಸೇರಿಸದಿರುವುದೇ ಲೇಸು.

ಎರಡನೆಯದು ಬಾವಿಯ ನೀರು. "ಪರೀಕ್ಷೆ ಆಗಿದೆ" ಎಂಬುದು ನಿಜ. ಪ್ರಯೋಗಶಾಲೆಯವರು ಕೊಟ್ಟ ಶುದ್ಧಗೊಳಿಸಿದ ಸೀಸೆಯಲ್ಲಿ ಜೂನ್ 24ರಂದು ನೀರು ತುಂಬಿ, ಅದೇ ದಿನ ತಲಪಿಸಲಾಯಿತು. ಜುಲೈ 2ರಂದು ವರದಿ ಬಂದಿತು. ಆದರೆ ಆ ವರದಿಯಲ್ಲಿ ಏನಿತ್ತು? ನೀರಿನಲ್ಲಿ ರೋಗಾಣುಗಳ ಸುಳಿವು ಕಂಡಿದೆಯೆಂದೂ, ಶುದ್ಧೀಕರಿಸದೆ ಕುಡಿಯಲು ಯೋಗ್ಯವಲ್ಲವೆಂದೂ ಇತ್ತು. ಜುಲೈ 5ರಂದು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಲಾಯಿತು. ಅಂದಿನಿಂದ ಮಕ್ಕಳಿಗೆ ಕುದಿಸಿ ಆರಿಸಿದ ನೀರನ್ನು ಕೊಡಲಾಗುತ್ತಿದೆ. ಆದರೆ ನೀರು ಈಗ ಶುದ್ಧವಾಗಿದೆಯೇ ಎಂದು ತಿಳಿಯಲು ಮಾಡಬೇಕಾದ ಎರಡನೆಯ ಪರೀಕ್ಷೆಯನ್ನು ಯಾರೂ ಮಾಡಿಸಲಿಲ್ಲ.

ಇಲ್ಲಿ ನಿರ್ಣಯದ ಅಕ್ಷರವು ಪಾಲನೆಯಾಯಿತು, ಉದ್ದೇಶವು ಪಾಲನೆಯಾಗಲಿಲ್ಲ. ಪರೀಕ್ಷೆ ಮಾಡಿಸಿದ್ದು ಕಾಗದಕ್ಕಾಗಿ ಅಲ್ಲ, ಮಕ್ಕಳು ಕುಡಿಯುವ ನೀರಿಗಾಗಿ. "ಆಗಿದೆ" ಎಂಬ ಒಂದು ಶಬ್ದದಿಂದ ಈ ವಿಷಯವು ಪಟ್ಟಿಯಿಂದ ಹೊರಟುಹೋದರೆ, ಕುದಿಸಿದ ನೀರನ್ನು ಕೊಡುವ ವ್ಯವಸ್ಥೆಯು ಒಂದು ದಿನ ತಾನಾಗಿಯೇ ನಿಂತು, ಬಾವಿಯ ನೀರೇ ಮತ್ತೆ ಕೊಡಪಾನಕ್ಕೆ ಬರುತ್ತದೆ. ಸರಿಯಾದ ವರದಿಯು ಹೀಗಿರಬೇಕು: "ಪರೀಕ್ಷೆ ಮಾಡಿಸಲಾಗಿದೆ, ನೀರು ಯೋಗ್ಯವಲ್ಲವೆಂದು ವರದಿ ಬಂದಿದೆ, ಜುಲೈ 5ರಂದು ಶುದ್ಧೀಕರಿಸಲಾಗಿದೆ, ಮರುಪರೀಕ್ಷೆ ಆಗಿಲ್ಲ. ಅದನ್ನು ಮಾಡಿಸುವ ಹೊಣೆಯನ್ನು ಯಾರಿಗೂ ವಹಿಸಿಕೊಡದೆ ಇದ್ದುದೇ ವಿಳಂಬಕ್ಕೆ ಕಾರಣ. ಸೆಪ್ಟೆಂಬರ್ 25ರೊಳಗೆ ಮುಖ್ಯೋಪಾಧ್ಯಾಯರು ಮರುಪರೀಕ್ಷೆಗೆ ಕಳುಹಿಸತಕ್ಕದ್ದು. ಅಲ್ಲಿಯವರೆಗೆ ಕುದಿಸಿದ ನೀರೇ ಮುಂದುವರಿಯತಕ್ಕದ್ದು." ಇದು ಅರ್ಧ ಮುಗಿದ ಕೆಲಸ. ಅರ್ಧ ಮುಗಿದುದನ್ನು ಅರ್ಧ ಮುಗಿದಿದೆಯೆಂದೇ ಬರೆಯಬೇಕು. ಉಳಿದ ಅರ್ಧ ಯಾವುದೆಂಬುದನ್ನು ಹೆಸರಿಸಬೇಕು.

ಮೂರನೆಯದು ಅಧ್ಯಾಪಕರ ವಿಷಯ. ಇದು ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಇದರ ಫಲವು ಸಮಿತಿಯ ಕೈಯಲ್ಲಿ ಇಲ್ಲ. ಕಾರ್ಯದರ್ಶಿಗಳು ಜೂನ್ 18ರಂದೇ ಪತ್ರವನ್ನು ಕೊಟ್ಟು ಸ್ವೀಕೃತಿಯನ್ನು ಪಡೆದಿದ್ದಾರೆ. ಅಂದರೆ ಅವರಿಗೆ ವಹಿಸಿದ ಕೆಲಸವು ಎರಡು ದಿನ ಮೊದಲೇ ಆಗಿದೆ. ಆಗಸ್ಟ್ 5ರಂದು ನೆನಪೋಲೆಯನ್ನೂ ಬರೆದಿದ್ದಾರೆ. ಕಡತವು ಮೇಲಿನ ಕಛೇರಿಗೆ ಹೋಗಿದೆಯೆಂದು ಆಗಸ್ಟ್ 20ರಂದು ಬಾಯಿಮಾತಿನ ಉತ್ತರ ಸಿಕ್ಕಿದೆ. ಲಿಖಿತ ಉತ್ತರ ಬಂದಿಲ್ಲ. ಸಭೆ ಸೇರುವ ಹೊತ್ತಿಗೆ ಮೊದಲ ಪತ್ರ ಕೊಟ್ಟು 87 ದಿನಗಳಾಗಿವೆ. ಅಷ್ಟು ದಿನವೂ ಮಕ್ಕಳು ಗಣಿತವನ್ನು ಕನ್ನಡದಲ್ಲಿ ಕಲಿಯುವುದಕ್ಕೆ ಅಧ್ಯಾಪಕರಿಲ್ಲದೆ ಇದ್ದಾರೆ.

"ಕ್ರಮ ಕೈಕೊಳ್ಳಲಾಗುತ್ತಿದೆ" ಎಂಬ ಮಾತು ಇಲ್ಲಿ ಮಾಡಿದ ಹಾನಿ ಏನು? ಅದು ಕಾರ್ಯದರ್ಶಿಗಳು ಮಾಡಿದ ಕೆಲಸವನ್ನೂ ಮುಚ್ಚಿತು, ಎದುರಿನವರು ಉತ್ತರಿಸದೆ ಇದ್ದುದನ್ನೂ ಮುಚ್ಚಿತು. ಯಾರು ಕೈಕೊಳ್ಳುತ್ತಿದ್ದಾರೆ, ಯಾವ ಕ್ರಮ, ಎಂದಿಗೆ ಎಂಬ ಮೂರು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿಲ್ಲ. ಮತ್ತೊಬ್ಬರ ಉತ್ತರಕ್ಕಾಗಿ ಕಾದಿರುವ ವಿಷಯವನ್ನು ವರದಿ ಮಾಡುವಾಗ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಹೇಳಬೇಕು. ನಾವು ಮಾಡಬೇಕಾದುದು ಎಷ್ಟು ಆಯಿತು ಎಂಬುದು ಒಂದು. ಈಗ ವಿಷಯವು ಯಾರ ಬಳಿಯಲ್ಲಿ, ಎಂದಿನಿಂದ ನಿಂತಿದೆ ಎಂಬುದು ಇನ್ನೊಂದು. ಇಷ್ಟನ್ನು ಹೇಳಿದ ಮೇಲೆ, ಉತ್ತರ ಬಾರದಿದ್ದರೆ ನಮ್ಮ ಮುಂದಿನ ಹೆಜ್ಜೆ ಯಾವುದು, ಯಾವ ದಿನಕ್ಕೆ ಎಂಬುದನ್ನೂ ಸೇರಿಸಬೇಕು. ಕಾಯುವುದಕ್ಕೂ ಒಂದು ಕೊನೆಯ ದಿನ ಇರಬೇಕು. ಇಲ್ಲವಾದರೆ ಕಾಯುವುದೆಂದರೆ ಕೈಬಿಡುವುದೆಂದೇ ಅರ್ಥ.

ನಮ್ಮ ಉದಾಹರಣೆಯಲ್ಲಿ ಮುಂದಿನ ಹೆಜ್ಜೆಯನ್ನು ಹೀಗೆ ಗೊತ್ತುಪಡಿಸಬಹುದು. ಸೆಪ್ಟೆಂಬರ್ 22ರೊಳಗೆ ಅಧ್ಯಕ್ಷರೂ ಕಾರ್ಯದರ್ಶಿಗಳೂ ಕಛೇರಿಗೆ ಖುದ್ದಾಗಿ ಹೋಗಿ ಕಡತದ ಸ್ಥಿತಿಯನ್ನು ವಿಚಾರಿಸುವುದು. ಅಕ್ಟೋಬರ್ 10ರೊಳಗೆ ಲಿಖಿತ ಉತ್ತರ ಬಾರದಿದ್ದರೆ, 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಹಾಕುವುದು. ಆ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಈ ಹಕ್ಕನ್ನು ಕಾಯಿದೆಯು ಕೊಟ್ಟಿರುವುದು ಪೌರರಿಗೆ. ಆದುದರಿಂದ ಸಂಘದ ಹೆಸರಿನಲ್ಲಿ ಬರೆಯುವುದಕ್ಕಿಂತ, ಪೋಷಕರಲ್ಲೊಬ್ಬರು ತಮ್ಮ ಹೆಸರಿನಿಂದ ಅರ್ಜಿ ಹಾಕುವುದು ಮೇಲು. ಅರ್ಜಿಯಲ್ಲಿ ದೂರನ್ನು ಬರೆಯಬೇಕಾಗಿಲ್ಲ. ಜೂನ್ 18ರ ಪತ್ರದ ಮೇಲೆ ಯಾವ ದಿನ ಯಾವ ಕ್ರಮ ಕೈಕೊಳ್ಳಲಾಯಿತು, ಈಗ ಕಡತವು ಯಾರ ಮುಂದಿದೆ ಎಂದು ಕೇಳಿದರೆ ಸಾಕು. ಮೊದಲ ಪತ್ರದ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದವರಿಗೆ ಮಾತ್ರ ಈ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಕೇಳುವುದು ಸಾಧ್ಯ.

ಇವು ಮೂರೂ ಜೂನ್ ತಿಂಗಳ ಸಭೆಯ ನಿರ್ಣಯಗಳು. ಆದರೆ ಇದೇ ಸಮಿತಿಯು ಫೆಬ್ರವರಿ 8ರಂದು ಇನ್ನೊಂದು ನಿರ್ಣಯವನ್ನು ಮಾಡಿತ್ತೆಂದು ಇಟ್ಟುಕೊಳ್ಳೋಣ: ಆಟದ ಬಯಲಿನ ಗಡಿಯನ್ನು ಮೋಜಣಿ ಮಾಡಿಸಬೇಕು, ಮಾರ್ಚ್ 31ರೊಳಗೆ ಅರ್ಜಿ ಕೊಡಬೇಕು. ಹೊಣೆ ಹೊತ್ತ ಸದಸ್ಯರು ಜೂನ್ ಸಭೆಗೆ ಬರಲಿಲ್ಲ. ಅವರು ಬಂದಿಲ್ಲವೆಂದು ಆ ದಿನ ವಿಷಯವನ್ನು ಎತ್ತಲಿಲ್ಲ. ಎತ್ತದೆ ಇದ್ದುದರಿಂದ ಜೂನ್ ಸಭೆಯ ನಡವಳಿಯಲ್ಲಿ ಅದರ ಸೊಲ್ಲೇ ಇಲ್ಲ. ಸೆಪ್ಟೆಂಬರಿನಲ್ಲಿ ಓದಿದ್ದು ಜೂನ್ ತಿಂಗಳ ನಡವಳಿ. ಹೀಗಾಗಿ ಮೋಜಣಿಯ ನಿರ್ಣಯವು ಯಾರೂ ರದ್ದುಪಡಿಸದೆಯೇ ಇಲ್ಲವಾಯಿತು. "ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ" ಎಂಬ ಗಾದೆಯಂತೆ, ಒಂದು ಸಭೆಯನ್ನು ತಪ್ಪಿಸಿಕೊಂಡ ಕೆಲಸವು ಮತ್ತೆ ಯಾರ ಕೈಗೂ ಸಿಗುವುದಿಲ್ಲ.

ಇದು ಯಾರೊಬ್ಬರ ಅಪರಾಧವೂ ಅಲ್ಲ, ಪದ್ಧತಿಯ ದೋಷ. ಹಿಂದಿನ ಸಭೆಯ ನಡವಳಿ ಎಂಬುದನ್ನು ಕಳೆದ ಒಂದೇ ಸಭೆಯೆಂದು ತಿಳಿದುಕೊಂಡಲ್ಲಿ ಹೀಗಾಗುತ್ತದೆ. ಇದಕ್ಕೆ ಪರಿಹಾರವೆಂದರೆ, ನಡವಳಿ ಪುಸ್ತಕದ ಜೊತೆಗೆ ಬಾಕಿ ನಿರ್ಣಯಗಳ ಒಂದು ಪಟ್ಟಿಯನ್ನು ಇಡುವುದು. ಯಾವ ಸಭೆಯದೇ ಆಗಲಿ, ಮುಗಿಯದ ನಿರ್ಣಯವು ಆ ಪಟ್ಟಿಯಲ್ಲಿ ಇರುತ್ತದೆ. ಅದು ಪಟ್ಟಿಯಿಂದ ಹೊರಗೆ ಹೋಗಲು ಎರಡೇ ದಾರಿಗಳು. ಕೆಲಸ ಮುಗಿದಿರಬೇಕು, ಅಥವಾ ಇಂತಹ ಕಾರಣದಿಂದ ಕೈಬಿಡಲಾಗಿದೆಯೆಂದು ಸಭೆಯೇ ನಿರ್ಣಯಿಸಿ ಬರೆಸಿರಬೇಕು. ಹೊಣೆಗಾರರು ಬಾರದೆ ಇದ್ದರೆ, ಅವರು ಬಂದಿಲ್ಲ, ವರದಿ ಬಂದಿಲ್ಲ ಎಂದಾದರೂ ನಡವಳಿಯಲ್ಲಿ ನಮೂದಾಗಬೇಕು. ಆ ಒಂದು ಸಾಲು ಮುಂದಿನ ಸಭೆಗೆ ಸೇತುವೆಯಾಗುತ್ತದೆ.

ಆ ಪಟ್ಟಿಯಲ್ಲಿ ತಾರೀಕುಗಳನ್ನು ಬರೆಯುವ ಕ್ರಮದಲ್ಲಿ ಒಂದು ಸೂಕ್ಷ್ಮವುಂಟು. ಕೆಲಸ ತಡವಾದಾಗ ಹೊಸ ತಾರೀಕನ್ನು ಗೊತ್ತುಪಡಿಸಬೇಕಾಗುತ್ತದೆ. ಆಗ ಅನೇಕರು ಹಳೆಯದನ್ನು ಅಳಿಸಿ ಹೊಸತನ್ನು ಬರೆಯುತ್ತಾರೆ. ಮುಂದಿನ ಸಭೆಯಲ್ಲಿ ನೋಡಿದವರಿಗೆ ಯಾವ ಕೆಲಸವೂ ತಡವಾದಂತೆ ಕಾಣುವುದೇ ಇಲ್ಲ. ಗಡಿಯ ಮೋಜಣಿಯ ಮುಂದೆ "ಅಕ್ಟೋಬರ್ 15" ಎಂದು ಮಾತ್ರ ಬರೆದಿದ್ದರೆ ಅದು ಹೊಸ ಕೆಲಸವೆಂದೇ ತೋರುತ್ತದೆ. "ಮೊದಲು ಗೊತ್ತುಪಡಿಸಿದ ದಿನ ಮಾರ್ಚ್ 31; ಈಗ ಅಕ್ಟೋಬರ್ 15" ಎಂದು ಬರೆದಿದ್ದರೆ ಆರೂವರೆ ತಿಂಗಳಿನ ವಿಳಂಬವು ಕಣ್ಣಿಗೆ ರಾಚುತ್ತದೆ. ಆದುದರಿಂದ ಮೊದಲಿನ ತಾರೀಕನ್ನು ಎಂದಿಗೂ ಅಳಿಸತಕ್ಕದ್ದಲ್ಲ. ಹೊಸತನ್ನು ಅದರ ಮುಂದೆ ಬರೆಯಬೇಕು. ಎರಡು ಸಲ ಬದಲಾಯಿಸಿದರೆ ಮೂರು ತಾರೀಕುಗಳೂ ಕಾಣುತ್ತಿರಬೇಕು. ಮೂರನೆಯ ಸಲವೂ ದಿನ ಮುಂದೆ ಹೋಗಬೇಕಾಗಿ ಬಂದರೆ, ಆ ಕೆಲಸಕ್ಕೆ ದಿನ ಸಾಲದೆ ಇರುವುದಲ್ಲ, ಬೇರೇನೋ ಅಡ್ಡಿಯಿದೆ ಎಂದು ಸಮಿತಿಯು ತಿಳಿದುಕೊಳ್ಳಬೇಕು.

ಅಡ್ಡಿ ಯಾವುದೆಂಬುದನ್ನು ಹೇಳುವಾಗಲೂ ಸ್ಪಷ್ಟತೆ ಬೇಕು. "ಕಾರಣಾಂತರಗಳಿಂದ ತಡವಾಗಿದೆ" ಎಂಬುದು ಕಾರಣವನ್ನು ಹೇಳದಿರುವ ವಿಧಾನ. ಸಮಿತಿಗಳಲ್ಲಿ ವಿಳಂಬಕ್ಕೆ ಸಾಮಾನ್ಯವಾಗಿ ಮೂರು ತೆರದ ಕಾರಣಗಳು ಇರುತ್ತವೆ. ಹೊಣೆ ಹೊತ್ತವರಿಗೆ ಕೈಹಾಕಲು ಆಗದೆ ಇರಬಹುದು. ಆಗ ಹೊಣೆಯನ್ನು ಬೇರೊಬ್ಬರಿಗೆ ವಹಿಸಬೇಕು. ಹೊರಗಿನವರ ಉತ್ತರಕ್ಕಾಗಿ ಕಾದಿರಬಹುದು; ಆಗ ಮುಂದಿನ ಹೆಜ್ಜೆಯನ್ನು ಗೊತ್ತುಪಡಿಸಬೇಕು. ಹಣವೋ ಅಧಿಕಾರವೋ ಸಾಲದೆ ಇರಬಹುದು. ಆಗ ಸಭೆಯು ಹೊಸ ನಿರ್ಣಯವನ್ನೇ ಮಾಡಬೇಕು. ಒಂದೊಂದು ಕಾರಣಕ್ಕೂ ಒಂದೊಂದು ಪರಿಹಾರ. ಮೋಜಣಿಯ ವಿಷಯದಲ್ಲಿ ಆ ಸದಸ್ಯರು ಕೆಲಸದ ನಿಮಿತ್ತ ಬೇರೆ ಊರಿಗೆ ಹೋಗಿ ನೆಲಸಿದ್ದರು. ಇದು ತಿಳಿದೊಡನೆ ಹೊಣೆಯನ್ನು ಇನ್ನೊಬ್ಬರಿಗೆ ವಹಿಸುವುದಕ್ಕೆ ಒಂದು ನಿಮಿಷ ಸಾಕಾಯಿತು. ತಿಳಿಯದೆ ಇದ್ದಾಗ ಏಳು ತಿಂಗಳುಗಳೂ ಸಾಲಲಿಲ್ಲ.

ಮಾತಿನ ಲೆಕ್ಕವನ್ನು ಇಡುವ ಈ ಪದ್ಧತಿಯು ನಮ್ಮ ದೇಶದ ಲೋಕಸಭೆಯಲ್ಲಿಯೂ ಉಂಟು. ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುವಾಗ ಮಂತ್ರಿಗಳು "ಈ ವಿಷಯವು ಪರಿಶೀಲನೆಯಲ್ಲಿದೆ", "ವಿಚಾರಿಸಿ ನೋಡುತ್ತೇನೆ" ಎಂದು ಹೇಳುವುದುಂಟು. ಇಂತಹ ಮಾತುಗಳು ಗಾಳಿಗೆ ಹೋಗಬಾರದೆಂದು 1953ರಲ್ಲಿ ಸರಕಾರೀ ಭರವಸೆಗಳ ಸಮಿತಿಯೆಂಬುದನ್ನು ಲೋಕಸಭೆಯು ಏರ್ಪಡಿಸಿತು. ರಾಜ್ಯಸಭೆಯಲ್ಲಿ ಅಂತಹ ಸಮಿತಿಯು 1972ರಲ್ಲಿ ಆರಂಭವಾಯಿತು. ಯಾವ ಯಾವ ಬಗೆಯ ಮಾತುಗಳನ್ನು ಭರವಸೆಯೆಂದು ಎಣಿಸಬೇಕೆಂಬುದಕ್ಕೆ ಒಂದು ಪಟ್ಟಿಯೇ ಇದೆ. ವಿಷಯವು ಪರಿಶೀಲನೆಯಲ್ಲಿದೆ ಎಂಬ ಮಾತು ಕೂಡ ಆ ಪಟ್ಟಿಯಲ್ಲಿದೆ! ನಮ್ಮ ಸಭೆಗಳಲ್ಲಿ ಯಾವ ಮಾತು ಪ್ರಶ್ನೆಯನ್ನು ಮುಚ್ಚುವುದಕ್ಕೆ ಬಳಕೆಯಾಗುತ್ತದೆಯೋ, ಅಲ್ಲಿ ಅದೇ ಮಾತು ತೀರಿಸಬೇಕಾದ ಸಾಲವಾಗುತ್ತದೆ.

ಅಲ್ಲಿಯ ಕ್ರಮವೂ ಗಮನಾರ್ಹವಾಗಿದೆ. ಭರವಸೆ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಅದನ್ನು ಈಡೇರಿಸತಕ್ಕದ್ದು. ಸಾಧ್ಯವಾಗದಿದ್ದರೆ ಸಂಬಂಧಪಟ್ಟ ಇಲಾಖೆಯು ಕಾರಣವನ್ನು ತಿಳಿಸಿ ಹೆಚ್ಚಿನ ಅವಧಿಯನ್ನು ಸಮಿತಿಯಿಂದ ಕೇಳಿಕೊಳ್ಳಬೇಕು; ಸುಮ್ಮನೆ ದಿನವನ್ನು ಮುಂದೂಡುವಂತಿಲ್ಲ. ಲೋಕಸಭೆಯು ವಿಸರ್ಜನೆಯಾಗಿ ಹೊಸ ಚುನಾವಣೆ ನಡೆದರೂ ಬಾಕಿಯಿರುವ ಭರವಸೆಗಳು ಅಳಿಸಿಹೋಗುವುದಿಲ್ಲ. ಸಣ್ಣ ಸಂಘಗಳಿಗೆ ಇದು ಮುಖ್ಯವಾದ ಪಾಠವಾಗಿದೆ. ವಾರ್ಷಿಕ ಮಹಾಸಭೆಯಲ್ಲಿ ಪದಾಧಿಕಾರಿಗಳು ಬದಲಾದಾಗ ಹಳಬರು ಹಣದ ಪೆಟ್ಟಿಗೆಯನ್ನೂ ರಶೀದಿ ಪುಸ್ತಕವನ್ನೂ ಒಪ್ಪಿಸಿಕೊಡುತ್ತಾರೆ. ಬಾಕಿ ನಿರ್ಣಯಗಳ ಪಟ್ಟಿಯನ್ನು ಕೊಡುವವರು ವಿರಳ. ಕನ್ನಡ ಅಧ್ಯಾಪಕರಿಗಾಗಿ ಬರೆದ ಪತ್ರದ ಕಥೆಯು ಹಳೆಯ ಕಾರ್ಯದರ್ಶಿಗಳ ನೆನಪಿನಲ್ಲಿ ಮಾತ್ರ ಉಳಿದಿದ್ದರೆ, ಹೊಸಬರು ಮತ್ತೆ ಮೊದಲ ಪತ್ರವನ್ನೇ ಬರೆಯುತ್ತಾರೆ. ಆಗ ಕಾದ ದಿನಗಳ ಲೆಕ್ಕವೂ ಸೊನ್ನೆಯಿಂದಲೇ ಮೊದಲಾಗುತ್ತದೆ.

ಇಷ್ಟೆಲ್ಲ ಹೇಳುತ್ತ ಕುಳಿತರೆ ಸಭೆಯ ಹೊತ್ತು ಇದರಲ್ಲೇ ಕಳೆಯದೇ ಎಂದು ಕೇಳುವವರು ಇರಬಹುದು. ಈ ಶಂಕೆಯು ನ್ಯಾಯವಾದದ್ದೇ. ಸಭೆಯಲ್ಲಿ ಸಮಯವು ಕಳೆಯುವುದು ವರದಿಯಿಂದಲ್ಲ, ವರದಿ ಇಲ್ಲದಿರುವುದರಿಂದ, ಅಂದರೆ "ಅದು ಏನಾಯಿತು?" ಎಂದು ಒಬ್ಬರನ್ನೊಬ್ಬರು ಕೇಳಿ ನೆನಪಿಸಿಕೊಳ್ಳುವುದರಿಂದ. ಆದುದರಿಂದ ಕಾರ್ಯದರ್ಶಿಗಳು ಸಭೆಗೆ ಒಂದು ವಾರ ಮೊದಲೇ ಹೊಣೆಗಾರರನ್ನೆಲ್ಲ ಕಂಡು ಮೂರು ಪ್ರಶ್ನೆ ಕೇಳಬೇಕು: ಏನಾಯಿತು, ಏನು ಉಳಿಯಿತು, ಉಳಿದುದು ಎಂದಿಗೆ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ತಿಳಿವಳಿಕೆ ಪತ್ರದ ಜೊತೆಗೇ ಸದಸ್ಯರಿಗೆ ಕಳುಹಿಸಬೇಕು. ಸಭೆಯಲ್ಲಿ ಮುಗಿದ ವಿಷಯಗಳನ್ನು ಓದಿ ಒಪ್ಪಿಕೊಂಡರೆ ಸಾಕು. ತಡವಾದವುಗಳ ಬಗ್ಗೆ ಮಾತ್ರ ಮಾತು.

ಆ ಮಾತಿಗೂ ಒಂದು ಮೇರೆಯುಂಟು. ಉದ್ಭವಿಸುವ ವಿಷಯಗಳಡಿಯಲ್ಲಿ ಹಳೆಯ ನಿರ್ಣಯವನ್ನು ಮತ್ತೆ ಅಗೆದು ವಾದಿಸಕೂಡದು. ಮಾಡಿಗೆ ಹಂಚಿನ ಬದಲು ತಗಡು ಹಾಕಿಸಬಹುದಿತ್ತೆಂದು ಈಗ ಹೇಳುವುದರಿಂದ ಪ್ರಯೋಜನವಿಲ್ಲ. ಹಾಗೆಯೇ ದೊಡ್ಡ ಹೊಸ ನಿರ್ಣಯವನ್ನು ಇಲ್ಲಿ ನುಸುಳಿಸಲೂ ಕೂಡದು. ಬಾವಿಯ ನೀರು ಮರುಪರೀಕ್ಷೆಯಲ್ಲಿಯೂ ಕೆಟ್ಟಿದ್ದರೆ ಕೊಳವೆ ಬಾವಿಯನ್ನು ತೋಡಿಸಬೇಕೇ ಎಂಬುದು ಬಹಳ ಹಣದ ಮಾತು. ತಿಳಿವಳಿಕೆ ಪತ್ರದಲ್ಲಿ ಅದರ ಸೂಚನೆಯಿಲ್ಲದೆ ಬಾರದೆ ಉಳಿದ ಸದಸ್ಯರಿಗೆ ಅನ್ಯಾಯವಾಗಬಾರದು. ಅದನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಪ್ರತ್ಯೇಕ ವಿಷಯವಾಗಿ ಇಡಬೇಕು.

ಹೀಗೆ ಬರೆದಿಟ್ಟ ಸಮಿತಿಯು ಡಿಸೆಂಬರ್ 13ರಂದು ಮತ್ತೆ ಸೇರಿದಾಗ ಅದರ ಮುಂದಿರುವ ಹಾಳೆಯು ಹೇಗಿದ್ದೀತು? ಮಾಡಿನ ವಿಷಯ ಅದರಲ್ಲಿಲ್ಲ, ಅದು ಮುಗಿದಿದೆ. ಬಾವಿಯ ಮುಂದೆ ಹೀಗೆ ಬರೆದಿದೆ: "ಮೊದಲ ದಿನ ಜೂನ್ 30, ಮರುಪರೀಕ್ಷೆಗೆ ಗೊತ್ತುಪಡಿಸಿದ ದಿನ ಸೆಪ್ಟೆಂಬರ್ 25. ಸೆಪ್ಟೆಂಬರ್ 23ರಂದು ನೀರು ಕಳುಹಿಸಲಾಯಿತು. ಅಕ್ಟೋಬರ್ 1ರಂದು ವರದಿ ಬಂದಿದೆ, ನೀರು ಯೋಗ್ಯವಾಗಿದೆ. ಮುಗಿಯಿತು." ಮೋಜಣಿಯ ಮುಂದೆ: "ಮೊದಲ ದಿನ ಮಾರ್ಚ್ 31, ಬದಲಾದ ದಿನ ಅಕ್ಟೋಬರ್ 15. ಅಕ್ಟೋಬರ್ 9ರಂದು ಅರ್ಜಿ ಕೊಡಲಾಗಿದೆ. ಅಳೆಯಲು ಬರುವ ದಿನ ತಿಳಿದಿಲ್ಲ. ಜನವರಿ 10ರಂದು ಮತ್ತೆ ವಿಚಾರಿಸುವುದು." ಅಧ್ಯಾಪಕರ ವಿಷಯದ ಮುಂದೆ: "ಮೊದಲ ಪತ್ರ ಜೂನ್ 18. ಸೆಪ್ಟೆಂಬರ್ 20ರಂದು ಕಛೇರಿಗೆ ಹೋಗಲಾಯಿತು. ಲಿಖಿತ ಉತ್ತರ ಬಾರದ ಕಾರಣ ಅಕ್ಟೋಬರ್ 13ರಂದು ಪೋಷಕರೊಬ್ಬರು ಮಾಹಿತಿ ಅರ್ಜಿ ಕೊಟ್ಟರು. ಶಾಲೆಯ ಮಕ್ಕಳ ಸಂಖ್ಯೆಯ ವಿವರವು ಕಡತದಲ್ಲಿ ಇಲ್ಲದೆ ಅದು ನಿಂತಿದೆಯೆಂದು ನವೆಂಬರ್ 8ರಂದು ಉತ್ತರ ಬಂದಿತು. ನವೆಂಬರ್ 12ರಂದು ವಿವರವನ್ನು ಒಪ್ಪಿಸಲಾಯಿತು. ನೇಮಕವು ಇನ್ನೂ ಆಗಿಲ್ಲ. ಬಾಕಿ."

ಕೊನೆಯದನ್ನು ನೋಡಿರಿ. ಅಧ್ಯಾಪಕರು ಇನ್ನೂ ಬಂದಿಲ್ಲ. ಒಳ್ಳೆಯ ವರದಿಯು ಅಧ್ಯಾಪಕರನ್ನು ತಂದುಕೊಡಲಾರದು. ಆದರೆ ಕಡತವು ಎಲ್ಲಿ ನಿಂತಿತ್ತು, ಏತಕ್ಕಾಗಿ ನಿಂತಿತ್ತು ಎಂಬುದು ಈಗ ಸಮಿತಿಯ ಎಲ್ಲರಿಗೂ ತಿಳಿದಿದೆ. ಒಂದು ಹಾಳೆಯ ಕೊರತೆಯಿಂದ ನಿಂತಿದ್ದ ವಿಷಯವು ಮುಂದಕ್ಕೆ ಸರಿದಿದೆ. ಸೆಪ್ಟೆಂಬರಿನಲ್ಲಿ "ಕ್ರಮ ಕೈಕೊಳ್ಳಲಾಗುತ್ತಿದೆ" ಎಂಬ ಮಾತಿಗೆ ಎಲ್ಲರೂ ತಲೆಯಾಡಿಸಿದ್ದರೆ ಆ ಹಾಳೆಯ ಸುದ್ದಿಯೇ ಹೊರಬೀಳುತ್ತಿರಲಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಸಾಹಿತ್ಯ ಸಂಘದ ಸಭೆಯಲ್ಲಿ ಹಿಂದಿನ ಸಭೆಯ ವರದಿಯನ್ನು ಓದಿ ಚಪ್ಪಾಳೆಯೊಂದಿಗೆ ಮುಗಿಸುವುದು ರೂಢಿಯಲ್ಲಿರಬಹುದು. ಮುಂದಿನ ಸಲ ಓದಿದ ಮೇಲೆ ಇನ್ನೆರಡು ಸಾಲುಗಳನ್ನು ಸೇರಿಸಿ ನೋಡಿರಿ. ಭಿತ್ತಿಪತ್ರಿಕೆಯನ್ನು ಯಾವ ದಿನಕ್ಕೆ ಹಚ್ಚುವೆವೆಂದು ಹೇಳಿದ್ದೆವು, ಯಾವ ದಿನ ಹಚ್ಚಿದೆವು? ವಾಚನಾಲಯಕ್ಕೆ ಹಿಂದಿರುಗಿಸಬೇಕಾಗಿದ್ದ ಪುಸ್ತಕಗಳಲ್ಲಿ ಎಷ್ಟು ಬಂದುವು, ಎಷ್ಟು ಬರಬೇಕಾಗಿವೆ, ಅವು ಯಾರ ಬಳಿ ಇವೆ? ಪೋಷಕರಿಗೂ ಒಂದು ಬಿನ್ನಹ. ಸಭೆಗೆ ಬಂದಾಗ "ಕ್ರಮ ಕೈಕೊಳ್ಳಲಾಗುತ್ತಿದೆ" ಎಂಬ ಉತ್ತರ ಕೇಳಿಬಂದರೆ, ಯಾರನ್ನೂ ನೋಯಿಸದೆ, ಮೆಲ್ಲನೆ ಕೇಳಿರಿ: ಯಾರು, ಯಾವ ಕ್ರಮ, ಯಾವ ದಿನಕ್ಕೆ? ಉತ್ತರವು ನಡವಳಿಯಲ್ಲಿ ಬರೆಯಲ್ಪಟ್ಟುದನ್ನು ನೋಡಿಕೊಂಡು ಮನೆಗೆ ಹೋಗಿರಿ.